ಇವತ್ತಿನ ರೂಪಾಯಿಗೆ ಬ್ಯಾಂಕಿನ ದರ ಹಾಕಿದರೆ ಏನಾಗುತ್ತದೆ? ಹಣದುಬ್ಬರ ಮತ್ತು ಡಿಸ್ಕೌಂಟ್ ದರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಸಣ್ಣ ಉದ್ಯಮಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದು ಕೊಡುತ್ತೇನೆ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಚಳ್ಳಕೆರೆ ಕಡೆಯ ಎಣ್ಣೆ ಮಿಲ್ಲು, ಹೀಗೆ. ಯಾರ ಲೆಕ್ಕ ತೆಗೆದು ನೋಡಿದರೂ ಒಂದೇ ಜಾಗದಲ್ಲಿ ತಪ್ಪು ಸಿಗುತ್ತದೆ. ಕೂಡಿಸುವುದು, ಕಳೆಯುವುದು ಎಲ್ಲಾ ಸರಿ ಇರುತ್ತದೆ. ಆದರೆ ಆದಾಯ ಒಂದು ಬಗೆಯ ರೂಪಾಯಿಯಲ್ಲಿ, ಬಡ್ಡಿ ಇನ್ನೊಂದು ಬಗೆಯ ರೂಪಾಯಿಯಲ್ಲಿ ಇರುತ್ತದೆ. ಅದರ ಬಗ್ಗೆ ನನ್ನ ಹತ್ತಿರ ಬರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ, ಮೆಕ್ಕೆಜೋಳ ಒಣಗಿಸುವ ಡ್ರೈಯರ್.

ಯಾಕೆ ಡ್ರೈಯರ್? ಅದರ ಲೆಕ್ಕ ಏನು?

ನಮ್ಮ ಕಡೆ ಮೆಕ್ಕೆಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಕಾಳಿನಲ್ಲಿ ತೇವ ಜಾಸ್ತಿ ಇರುತ್ತದೆ. ಕೆಡದಂತೆ ಇಡಬೇಕು ಎಂದರೆ ಅದು ಶೇ 14ರ ಆಸುಪಾಸಿಗೆ ಇಳಿಯಬೇಕು. ಕಣ ಇಲ್ಲದವರು ರಸ್ತೆ ಮೇಲೆ ಹರಡುತ್ತಾರೆ, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುತ್ತಾರೆ. ಹಾಗಾಗಿ ಬಾಡಿಗೆಗೆ ಒಣಗಿಸಿ ಕೊಡುವ ಡ್ರೈಯರ್ ಹಾಕಬೇಕು ಎಂದು ಯೋಚಿಸುವವರು ಇದ್ದಾರೆ.

ಲೆಕ್ಕ ಸರಳವಾಗಿರಲಿ ಎಂದು ನಾನೇ ಅಂಕಿ ಇಟ್ಟುಕೊಳ್ಳುತ್ತೇನೆ. ನಿಮ್ಮ ಕೊಟೇಶನ್ ಬೇರೆ ಇರಬಹುದು. ಯಂತ್ರ, ಶೆಡ್ಡು ಎಲ್ಲಾ ಸೇರಿ 40 ಲಕ್ಷ ರೂಪಾಯಿ. ಸೀಸನ್ನಿಗೆ 25,000 ಕ್ವಿಂಟಲ್ ಒಣಗುತ್ತದೆ. ಕ್ವಿಂಟಲ್‌ಗೆ 80 ರೂಪಾಯಿ ಬಾಡಿಗೆ ಎಂದರೆ ವರ್ಷಕ್ಕೆ 20 ಲಕ್ಷ. ಉರುವಲಿಗೆ 5 ಲಕ್ಷ, ಹಮಾಲಿ ಮತ್ತು ಆಪರೇಟರ್‌ಗೆ 3 ಲಕ್ಷ, ಕರೆಂಟು ಮತ್ತು ರಿಪೇರಿಗೆ 2 ಲಕ್ಷ. ಕೈಯಲ್ಲಿ ಉಳಿಯುವುದು 10 ಲಕ್ಷ. ಐದು ವರ್ಷ ಓಡುತ್ತದೆ, ಆಮೇಲೆ ಗುಜರಿ ಬೆಲೆ ಸೊನ್ನೆ. ತೆರಿಗೆ ಸದ್ಯಕ್ಕೆ ಬೇಡ, ಅದಕ್ಕೆ ಕೆಳಗೆ ಬರುತ್ತೇನೆ.

ಡಿಸ್ಕೌಂಟ್ ದರ, ಅಂದರೆ ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವ ದರ, ಶೇ 12. ಬ್ಯಾಂಕಿನ ಸಾಲ ಮತ್ತು ಸ್ವಂತ ದುಡ್ಡು ಎರಡನ್ನೂ ಸೇರಿಸಿ ಸರಾಸರಿ ತೆಗೆದ ದರ ಎಂದು ತಿಳಿಯಿರಿ. ಹಣದುಬ್ಬರ ವರ್ಷಕ್ಕೆ ಶೇ 5.

ವರ್ಷಕ್ಕೆ 10 ಲಕ್ಷ, ಐದು ವರ್ಷ, ಶೇ 12. ಇದರಲ್ಲಿ ತಪ್ಪೇನಿದೆ?

ಹೀಗೆ ಹಾಕಿದರೆ ಐದು ವರ್ಷದ ಆದಾಯದ ಇವತ್ತಿನ ಬೆಲೆ 36.05 ಲಕ್ಷ ಬರುತ್ತದೆ. ಹಾಕಿದ್ದು 40 ಲಕ್ಷ. ಇವತ್ತಿನ ಬೆಲೆಯಿಂದ ಹೂಡಿಕೆ ಕಳೆದು ಉಳಿಯುವುದನ್ನು ಎನ್‌ಪಿವಿ ಎನ್ನುತ್ತಾರೆ, ಇಲ್ಲಿ ಅದು ಮೈನಸ್ 3.95 ಲಕ್ಷ. ಲೆಕ್ಕ ನೋಡಿದವರು "ಬೇಡ ಬಿಡಣ್ಣ, ಇದು ಗಿಟ್ಟಲ್ಲ" ಎನ್ನುತ್ತಾರೆ.

ಆದರೆ ಆ 10 ಲಕ್ಷ ಎಲ್ಲಿಂದ ಬಂತು ನೋಡಿ. ಇವತ್ತಿನ ಬಾಡಿಗೆ 80 ರೂಪಾಯಿ, ಇವತ್ತಿನ ಕೂಲಿ, ಉರುವಲಿಗೆ ಸುಡುವ ಭತ್ತದ ಹೊಟ್ಟಿನ ಇವತ್ತಿನ ಬೆಲೆ. ಐದನೇ ವರ್ಷಕ್ಕೂ ಅದೇ 80 ರೂಪಾಯಿ ಬರೆದಿದ್ದೀರಿ. ಐದು ವರ್ಷ ಆದ ಮೇಲೂ ಕ್ವಿಂಟಲ್‌ಗೆ 80 ರೂಪಾಯಿಯೇ ಇರುತ್ತದೆ ಎಂದು ನಿಮಗೇ ನಂಬಿಕೆ ಇಲ್ಲ ಅಲ್ವಾ? ನೀವು ಬರೆದಿದ್ದು ಇವತ್ತಿನ ರೂಪಾಯಿಯ ಲೆಕ್ಕ. ಇದನ್ನು ರಿಯಲ್ ಕ್ಯಾಶ್ ಫ್ಲೋ ಎನ್ನುತ್ತಾರೆ.

ದರ ಎಂದು ಹಾಕಿದ ಶೇ 12 ಹಾಗಲ್ಲ. ಸಾಲ ಕೊಡುವವನಿಗೆ ಗೊತ್ತು, ಐದು ವರ್ಷ ಬಿಟ್ಟು ವಾಪಸ್ ಬರುವ ರೂಪಾಯಿಗೆ ಇವತ್ತಿನಷ್ಟು ಸಾಮಾನು ಬರುವುದಿಲ್ಲ. ಅದಕ್ಕೆ ಆ ನಷ್ಟವನ್ನೂ ಬಡ್ಡಿಯೊಳಗೆ ಸೇರಿಸಿಯೇ ಕೇಳುತ್ತಾನೆ. ಶೇ 12ರಲ್ಲಿ ಹಣದುಬ್ಬರ ಆಗಲೇ ಕೂತಿದೆ. ಇದು ನಾಮಿನಲ್ ದರ, ಅಂದರೆ ಆಯಾ ವರ್ಷ ಕೈಗೆ ಬರುವ ನೋಟಿನ ಲೆಕ್ಕದ ದರ.

ಹಾಗಾಗಿ ಮೇಲಿನ ಲೆಕ್ಕದಲ್ಲಿ ಏನಾಯಿತು? ಬೆಲೆ ಏರುವುದನ್ನು ಆದಾಯದಲ್ಲಿ ಸೇರಿಸಲಿಲ್ಲ. ಆದರೆ ಬೆಲೆ ಏರುತ್ತದೆ ಎಂಬ ಕಾರಣಕ್ಕೆ ಬಡ್ಡಿಯಲ್ಲಿ ಕಡಿದುಕೊಂಡಿರಿ. ಹಣದುಬ್ಬರದ ಏಟು ಮಾತ್ರ ಬಿತ್ತು, ಅದರ ಜೊತೆ ಬರಬೇಕಿದ್ದ ಏರಿಕೆ ಬರಲಿಲ್ಲ.

ಸರಿಯಾಗಿ ಹೇಗೆ ಹಾಕುವುದು?

ಎರಡು ದಾರಿ ಇವೆ. ಎರಡೂ ಒಂದೇ ಊರಿಗೆ ಹೋಗುತ್ತವೆ.

ಒಂದು, ಆದಾಯವನ್ನೇ ಆಯಾ ವರ್ಷದ ರೂಪಾಯಿಗೆ ಏರಿಸುವುದು. ಉಳಿಯುವ 10 ಲಕ್ಷ ಪ್ರತಿ ವರ್ಷ ಶೇ 5 ಏರುತ್ತದೆ ಎಂದರೆ ಮೊದಲ ವರ್ಷ 10.50 ಲಕ್ಷ, ಎರಡನೇ ವರ್ಷ 11.03, ಮೂರನೇ ವರ್ಷ 11.58, ನಾಲ್ಕನೇ ವರ್ಷ 12.16, ಐದನೇ ವರ್ಷ 12.76 ಲಕ್ಷ. ಇದಕ್ಕೆ ಶೇ 12 ಹಾಕಿ ಇವತ್ತಿಗೆ ತಂದರೆ 41.37 ಲಕ್ಷ. 40 ಕಳೆದರೆ ಎನ್‌ಪಿವಿ ಪ್ಲಸ್ 1.37 ಲಕ್ಷ.

ಇನ್ನೊಂದು, ಆದಾಯವನ್ನು 10 ಲಕ್ಷಕ್ಕೇ ಬಿಟ್ಟು, ದರದಿಂದ ಹಣದುಬ್ಬರ ತೆಗೆಯುವುದು. 1.12ನ್ನು 1.05ರಿಂದ ಭಾಗಿಸಿ 1 ಕಳೆಯಿರಿ. ಶೇ 6.67 ಬರುತ್ತದೆ. ಇದು ರಿಯಲ್ ದರ. ಐದು ವರ್ಷದ 10 ಲಕ್ಷಕ್ಕೆ ಈ ದರ ಹಾಕಿದರೆ ಮತ್ತೆ 41.37 ಲಕ್ಷ. ಎನ್‌ಪಿವಿ ಅದೇ 1.37.

ಎರಡೂ ಪೈಸೆಗೆ ಪೈಸೆ ಸರಿಹೊಂದಬೇಕು. ಅದು ಕಾಕತಾಳೀಯ ಅಲ್ಲ. ಮೊದಲ ದಾರಿಯಲ್ಲಿ ಮೇಲೆ 1.05ರಿಂದ ಗುಣಿಸುತ್ತೀರಿ, ಎರಡನೆಯದರಲ್ಲಿ ಕೆಳಗೆ 1.05ರಿಂದ ಭಾಗಿಸುತ್ತೀರಿ, ಎರಡೂ ಒಂದೇ ಕೆಲಸ. ದರಗಳ ನಡುವಿನ ಈ ಸಂಬಂಧವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಹೆಸರಿನಿಂದ ಕರೆಯುತ್ತಾರೆ.

ಎಕ್ಸೆಲ್‌ನಲ್ಲಿ ಹೀಗೆ ಹಾಕಬಹುದು. `B2`ರಿಂದ `F2`ವರೆಗೆ ಏರಿಸಿದ ಐದು ವರ್ಷದ ಆದಾಯ, `B3`ರಿಂದ `F3`ವರೆಗೆ ಇವತ್ತಿನ ರೂಪಾಯಿಯ ಆದಾಯ, ಎಲ್ಲಾ ಲಕ್ಷದಲ್ಲಿ:

```
=NPV(12%,B2:F2)-40
=NPV((1+12%)/(1+5%)-1,B3:F3)-40
```

40 ಲಕ್ಷವನ್ನು ಹೊರಗೆ ಕಳೆದಿರುವುದನ್ನು ಗಮನಿಸಿ. ಈ ಫಂಕ್ಷನ್ ಮೊದಲ ಅಂಕಿಯನ್ನು ಒಂದು ವರ್ಷ ಕಳೆದ ಮೇಲೆ ಬಂದದ್ದು ಎಂದು ಹಿಡಿಯುತ್ತದೆ. ಹೂಡಿಕೆಯನ್ನೂ ಒಳಗೆ ಹಾಕಿದರೆ ಅದೂ ಒಂದು ವರ್ಷ ಮುಂದಕ್ಕೆ ಹೋಗಿ ಕೂರುತ್ತದೆ.

ಸುಮ್ನೆ 12ರಿಂದ 5 ಕಳೆದು ಶೇ 7 ಹಾಕಬಾರದಾ?

ಬಾಯಿಲೆಕ್ಕಕ್ಕೆ ಪರವಾಗಿಲ್ಲ. ರಿಪೋರ್ಟಿಗೆ ಬೇಡ. ಶೇ 7 ಹಾಕಿದರೆ ಎನ್‌ಪಿವಿ 1.00 ಲಕ್ಷ ಬರುತ್ತದೆ, ಶೇ 6.67 ಹಾಕಿದರೆ 1.37. ಮೂವತ್ತೇಳು ಸಾವಿರ ಸುಮ್ಮನೆ ಹೋಯಿತು. ಭಾಗಿಸುವುದಕ್ಕೆ ಏನೂ ಕಷ್ಟ ಇಲ್ಲ, ಭಾಗಿಸಿ.

ಉಲ್ಟಾ ತಪ್ಪು ಆಗುತ್ತದಾ?

ಆಗುತ್ತದೆ. ನನ್ನ ಪ್ರಕಾರ ಅದೇ ಹೆಚ್ಚು ಅಪಾಯ. ಆದಾಯವನ್ನು ಶೇ 5 ಏರಿಸುತ್ತಾರೆ, ಆಮೇಲೆ ಎಲ್ಲೋ ಓದಿದ ನೆನಪಿನಲ್ಲಿ ದರವನ್ನೂ ಶೇ 6.67ಕ್ಕೆ ಇಳಿಸುತ್ತಾರೆ. ಆಗ ಎನ್‌ಪಿವಿ 7.70 ಲಕ್ಷ ಬರುತ್ತದೆ. 1.37 ಇರಬೇಕಾದ ಜಾಗದಲ್ಲಿ 7.70! ಹಣದುಬ್ಬರದ ಲಾಭವನ್ನು ಎರಡು ಸಲ ತೆಗೆದುಕೊಂಡ ಹಾಗೆ.

ಮೊದಲ ತಪ್ಪಿನಲ್ಲಿ ಒಳ್ಳೆಯ ಕೆಲಸ ಕೈಬಿಟ್ಟು ಹೋಗುತ್ತದೆ, ಬೇಜಾರು, ಆದರೆ ಮನೆ ಮುಳುಗುವುದಿಲ್ಲ. ಈ ತಪ್ಪಿನಲ್ಲಿ ಗಿಟ್ಟದ ಕೆಲಸಕ್ಕೆ ಸಾಲ ಮಾಡಿ ಕೂರುತ್ತೀರಿ. ನಾಲ್ಕೈದು ವರ್ಷದ ಹಿಂದೆ ನಮ್ಮ ಹತ್ತಿರ ಒಬ್ಬರು ಬೇರೆಯವರು ಬರೆದ ರಿಪೋರ್ಟ್ ತಂದಿದ್ದರು. ಗೋಡೌನ್ ಕಟ್ಟುವ ಲೆಕ್ಕ. ಬಾಡಿಗೆ ವರ್ಷ ವರ್ಷ ಏರಿತ್ತು, ದರ ಮಾತ್ರ ಒಂದಂಕಿಯಲ್ಲಿ ಕಡಿಮೆ ಇತ್ತು. ಆ ದರ ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಬೇಸ್‌ಮೆಂಟ್ ಆಗಲೇ ಎದ್ದಿತ್ತು. ಇವತ್ತಿಗೂ ಆ ಮಾತು ಬಂದರೆ ನನಗೆ ಸಂಕಟ ಆಗುತ್ತದೆ.

ಸಾಲು ಸಾಲಾಗಿ ನೋಡಿ. ಒಂದೇ ಡ್ರೈಯರ್, ಒಂದೇ ಜೋಳ, ಒಂದೇ ಕೂಲಿ. ಉತ್ತರ ಮಾತ್ರ ಮೈನಸ್ 3.95ರಿಂದ ಪ್ಲಸ್ 7.70ರವರೆಗೆ. ಹತ್ತಿರ ಹತ್ತಿರ ಹನ್ನೆರಡು ಲಕ್ಷದ ಅಂತರ, ಬರೀ ರೂಪಾಯಿ ಕಲಸಿದ್ದಕ್ಕೆ.

ನಾನು ಎನ್‌ಪಿವಿ ಹಾಕಲ್ಲ, ಐಆರ್‌ಆರ್ ನೋಡ್ತೀನಿ. ಆಗ ಈ ತಲೆನೋವು ಇಲ್ಲ ತಾನೇ?

ಇದೆ, ಇನ್ನೂ ಅಡಗಿಕೊಂಡು ಇದೆ. ಐಆರ್‌ಆರ್ ಅಂದರೆ ಎನ್‌ಪಿವಿಯನ್ನು ಸೊನ್ನೆಗೆ ತರುವ ದರ. 40 ಲಕ್ಷ ಹಾಕಿ ವರ್ಷಕ್ಕೆ 10 ಲಕ್ಷ ಬಂದರೆ ಐಆರ್‌ಆರ್ ಸುಮಾರು ಶೇ 7.9. ಇದು ಇವತ್ತಿನ ರೂಪಾಯಿಯ ಐಆರ್‌ಆರ್. ಇದನ್ನು ನಾಮಿನಲ್ 12ರ ಪಕ್ಕ ಇಟ್ಟರೆ ಸೋತಂತೆ ಕಾಣುತ್ತದೆ. ಆದರೆ ಇದರ ಜೋಡಿ 6.67, ಅದಕ್ಕಿಂತ ಮೇಲಿದೆ. ಏರಿಸಿದ ಆದಾಯದ ಐಆರ್‌ಆರ್ ಸುಮಾರು ಶೇ 13.3, ಅದರ ಜೋಡಿ 12. ಅದೂ ಮೇಲಿದೆ. ಐಆರ್‌ಆರ್ ತೆಗೆಯುವಾಗ ದರ ಬೇಕಾಗಿಲ್ಲ, ಆದರೆ ಕೊನೆಗೆ ಯಾವುದೋ ಒಂದು ದರಕ್ಕೆ ಹೋಲಿಸಲೇಬೇಕು. ತಪ್ಪು ಅಲ್ಲಿ ನುಸುಳುತ್ತದೆ.

ಹಣದುಬ್ಬರ ಶೇ 5 ಅಂತ ಯಾರು ಹೇಳಿದ್ದು? ನಾನು 6 ಹಾಕಿದರೆ?

ಇದು ಒಳ್ಳೆಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಸರ್ಕಾರ ಹಾಕಿಕೊಟ್ಟ ಗುರಿ ಶೇ 4, ಅದರ ಆಚೆ ಈಚೆ 2 ಅಂಶ, ಅಂದರೆ 2ರಿಂದ 6ರೊಳಗೆ ಚಿಲ್ಲರೆ ಹಣದುಬ್ಬರ ಇರಬೇಕು ಎಂದು. ಹಾಗಾಗಿ ಐದು ವರ್ಷದ ಲೆಕ್ಕಕ್ಕೆ 4 ಅಥವಾ 5 ಹಿಡಿದರೆ ಯಾರೂ ಆಕ್ಷೇಪ ಮಾಡುವುದಿಲ್ಲ.

ಈಗ ನೋಡಿ. ದರ ಶೇ 12ಕ್ಕೇ ಇರಲಿ. ಹಣದುಬ್ಬರ ಶೇ 4 ಹಿಡಿದರೆ ಡ್ರೈಯರಿನ ಎನ್‌ಪಿವಿ ಬರೀ 25 ಸಾವಿರ. ಶೇ 6 ಹಿಡಿದರೆ 2.52 ಲಕ್ಷ. ಹಣದುಬ್ಬರ ಜಾಸ್ತಿ ಆದಷ್ಟೂ ಯೋಜನೆ ಚೆಂದ ಕಾಣುತ್ತಿದೆ! ಬೆಲೆ ಏರಿಕೆಯಿಂದ ಡ್ರೈಯರ್ ಶ್ರೀಮಂತ ಆಗುತ್ತದಾ? ಇಲ್ಲ. ನೀವು ಆದಾಯದ ಕಡೆ ಹಣದುಬ್ಬರ ಏರಿಸಿದಿರಿ, ದರದ ಕಡೆ ಏರಿಸಲಿಲ್ಲ, ಅಷ್ಟೇ. ನಿಜವಾಗಿ ಎಲ್ಲರೂ ಶೇ 6 ಹಣದುಬ್ಬರ ನಿರೀಕ್ಷೆ ಮಾಡುತ್ತಿದ್ದರೆ ಸಾಲ ಕೊಡುವವರೂ ಬಡ್ಡಿ ಏರಿಸಿ ಕೇಳುತ್ತಿದ್ದರು. ರಿಯಲ್ ದರ 6.67ರಲ್ಲೇ ನಿಂತರೆ ನಾಮಿನಲ್ ದರ ಸುಮಾರು 13.07 ಆಗಬೇಕಿತ್ತು, ಆಗ ಎನ್‌ಪಿವಿ ಮತ್ತೆ 1.37ಕ್ಕೇ ಬರುತ್ತಿತ್ತು.

ಆದ್ದರಿಂದ ಪ್ರಶ್ನೆ "ಹಣದುಬ್ಬರ ಎಷ್ಟು" ಅನ್ನುವುದಕ್ಕಿಂತ, "ನಾನು ಆದಾಯಕ್ಕೆ ಹಾಕಿದ ಹಣದುಬ್ಬರವೂ ಶೇ 12ರೊಳಗೆ ಕೂತಿರುವ ಹಣದುಬ್ಬರವೂ ಒಂದೇನಾ" ಅನ್ನುವುದು. ರಿಪೋರ್ಟಿನಲ್ಲಿ ಲಾಭ ಕಾಣಿಸಲಿ ಎಂದು ಹಣದುಬ್ಬರವನ್ನು ಮಾತ್ರ ಸ್ವಲ್ಪ ಎತ್ತುವುದನ್ನು ನಾನು ನೋಡಿದ್ದೇನೆ. ಯಾರ ಕಣ್ಣಿಗೂ ಬೀಳದ ಜಾಗ ಅದು. ದಯವಿಟ್ಟು ಮಾಡಬೇಡಿ.

ಎಲ್ಲದರ ಬೆಲೆಯೂ ಒಂದೇ ಸಮ ಏರುತ್ತದಾ? ಕೂಲಿ ಏರಿದಷ್ಟು ನನ್ನ ಬಾಡಿಗೆ ಏರಲ್ಲ.

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಚಹಾ ತರಿಸುತ್ತೇನೆ. ಲೆಕ್ಕದ ಜೀವ ಇಲ್ಲೇ ಇರುವುದು.

ಮೇಲಿನ ಎರಡೂ ದಾರಿ ಒಂದೇ ಉತ್ತರ ಕೊಟ್ಟಿದ್ದು ಯಾಕೆಂದರೆ ಎಲ್ಲವೂ ಶೇ 5 ಏರುತ್ತದೆ ಎಂದು ಹಿಡಿದಿದ್ದೆವು. ನಿಜದಲ್ಲಿ ಹಾಗೆ ಆಗುವುದಿಲ್ಲ. ಸೀಸನ್ನಿನಲ್ಲಿ ಹಮಾಲರು ಸಿಗುವುದೇ ಕಷ್ಟ, ಕೂಲಿ ಬೇಗ ಏರುತ್ತದೆ. ಭತ್ತದ ಹೊಟ್ಟನ್ನು ಬಾಯ್ಲರ್ ಇರುವವರೆಲ್ಲಾ ಕೇಳುತ್ತಾರೆ. ಆದರೆ ರೈತನ ಹತ್ತಿರ ಬಾಡಿಗೆ ಏರಿಸಲು ಹೋದರೆ ಅವನು "ರಸ್ತೆ ಮೇಲೆ ಹಾಕ್ಕೊಂತೀನಿ ಬಿಡಣ್ಣ" ಎನ್ನುತ್ತಾನೆ. ಬಿಸಿಲು ಪುಕ್ಕಟೆ.

ಹೀಗೆ ಹಿಡಿಯೋಣ. ಬಾಡಿಗೆ ವರ್ಷಕ್ಕೆ ಶೇ 3 ಏರುತ್ತದೆ, ಕೂಲಿ ಶೇ 8, ಉರುವಲು ಶೇ 6, ಕರೆಂಟು ಮತ್ತು ರಿಪೇರಿ ಶೇ 5. ಈಗ ಪ್ರತಿ ಸಾಲನ್ನೂ ಬೇರೆ ಬೇರೆ ಏರಿಸಬೇಕು. ಮೊದಲ ವರ್ಷ ಆದಾಯ 20.60 ಲಕ್ಷ, ಖರ್ಚು 10.64 ಲಕ್ಷ, ಉಳಿಕೆ 9.96. ಐದನೇ ವರ್ಷಕ್ಕೆ ಆದಾಯ 23.19 ಲಕ್ಷ, ಖರ್ಚು 13.65 ಲಕ್ಷ, ಉಳಿಕೆ 9.53. ನೋಟಿನ ಲೆಕ್ಕದಲ್ಲೇ ಉಳಿಕೆ ಇಳಿಯುತ್ತಿದೆ. ಇವತ್ತಿನ ರೂಪಾಯಿಗೆ ತಂದರೆ ಐದನೇ ವರ್ಷದ್ದು ಬರೀ 7.47 ಲಕ್ಷ.

ಶೇ 12 ಹಾಕಿದರೆ ಇಡೀ ಐದು ವರ್ಷದ ಇವತ್ತಿನ ಬೆಲೆ 35.33 ಲಕ್ಷ. ಎನ್‌ಪಿವಿ ಮೈನಸ್ 4.67.

ಇಲ್ಲಿ ಒಬ್ಬರು ನನ್ನನ್ನು ಹಿಡಿದರು. "ಸರ್, ನನ್ನ ಮೊದಲಿನ ತಪ್ಪು ಲೆಕ್ಕದಲ್ಲೂ ಮೈನಸ್ ಬಂದಿತ್ತು, ಈಗಲೂ ಮೈನಸ್. ಸುಮ್ಮನೆ ಅದನ್ನೇ ಇಟ್ಟುಕೊಳ್ಳಬಹುದಿತ್ತಲ್ಲ?" ಇಲ್ಲ. ಮೊದಲನೆಯ ಮೈನಸ್ ಸುಳ್ಳು, ಅದು ನಿಮಗೆ ಏನೂ ಹೇಳುವುದಿಲ್ಲ. ಈ ಮೈನಸ್ ಒಂದು ಸುದ್ದಿ ಹೇಳುತ್ತದೆ, ಬಾಡಿಗೆ ಏರದಿದ್ದರೆ ನೀವು ಸೋಲುತ್ತೀರಿ ಎಂದು. ಎಷ್ಟು ಏರಬೇಕು ಎಂದೂ ಕೇಳಬಹುದು. ಖರ್ಚುಗಳನ್ನು ಹಾಗೇ ಬಿಟ್ಟು ಬಾಡಿಗೆಯ ಏರಿಕೆ ಮಾತ್ರ ಬದಲಿಸಿ ನೋಡಿದರೆ, ವರ್ಷಕ್ಕೆ ಸುಮಾರು ಶೇ 5.1 ಏರಿದಾಗ ಎನ್‌ಪಿವಿ ಸೊನ್ನೆಗೆ ಬರುತ್ತದೆ. ಅಂದರೆ 80 ರೂಪಾಯಿ ಮುಂದಿನ ಸೀಸನ್ನಿಗೆ 84ರ ಮೇಲೆ ಹೋಗಬೇಕು, ಹಾಗೇ ಏರುತ್ತಾ ಐದನೇ ವರ್ಷಕ್ಕೆ 102 ದಾಟಬೇಕು. ಈಗ ನಿಮ್ಮ ಕೈಯಲ್ಲಿ ಕೇಳಬಹುದಾದ ಪ್ರಶ್ನೆ ಇದೆ. ಎಪಿಎಂಸಿಗೆ ಹೋಗಿ ನಾಲ್ಕು ಜನ ವರ್ತಕರ ಹತ್ತಿರ ಕೂತು, 102 ರೂಪಾಯಿ ಕೊಡುತ್ತಾರಾ ಎಂದು ಕೇಳಬಹುದು.

ಹಾಗಾದರೆ ಕೂಲಿಯನ್ನು ಶೇ 8ರಿಂದ, ಉರುವಲನ್ನು ಶೇ 6ರಿಂದ ಭಾಗಿಸಿ ಇವತ್ತಿನ ರೂಪಾಯಿಗೆ ತರಬೇಕಾ?

ಬೇಡ! ಇದು ಬುದ್ಧಿವಂತರು ಮಾಡುವ ತಪ್ಪು. ಏರಿಸುವಾಗ ಪ್ರತಿಯೊಂದಕ್ಕೂ ಅದರದ್ದೇ ದರ. ಇಳಿಸುವಾಗ ಎಲ್ಲಕ್ಕೂ ಒಂದೇ ದರ, ಸಾಮಾನ್ಯ ಹಣದುಬ್ಬರದ ಶೇ 5. ಕೂಲಿಯನ್ನು ಶೇ 8 ಏರಿಸಿ ಮತ್ತೆ ಶೇ 8 ಇಳಿಸಿದರೆ ಅದೇ 3 ಲಕ್ಷ ವಾಪಸ್ ಬರುತ್ತದೆ. ಕೂಲಿ ಬೇರೆಯದಕ್ಕಿಂತ ಜಾಸ್ತಿ ಏರುತ್ತಿದೆ ಎಂಬ ವಿಷಯವೇ ಲೆಕ್ಕದಿಂದ ಅಳಿಸಿ ಹೋಗುತ್ತದೆ. ರಿಯಲ್ ಅಂದರೆ "ಇವತ್ತಿನ ಕೂಲಿ ದರ" ಅಲ್ಲ, "ಇವತ್ತಿನ ರೂಪಾಯಿಯ ಕೊಳ್ಳುವ ಶಕ್ತಿ". ಕೂಲಿ ಶೇ 8 ಏರಿ ಸಾಮಾನ್ಯ ಬೆಲೆ ಶೇ 5 ಏರಿದರೆ, ಇವತ್ತಿನ ರೂಪಾಯಿಯಲ್ಲೂ ಕೂಲಿ ವರ್ಷಕ್ಕೆ ಹತ್ತಿರ ಹತ್ತಿರ ಶೇ 2.9 ಏರುತ್ತಲೇ ಇರುತ್ತದೆ.

ಸವಕಳಿ ಎಲ್ಲಿ ಬರುತ್ತದೆ? ಅದಕ್ಕೂ ಹಣದುಬ್ಬರ ಹಾಕಬೇಕಾ?

ಹಾಕಬಾರದು. ಸವಕಳಿ ಅಂದರೆ ಯಂತ್ರ ಸವೆದದ್ದಕ್ಕೆ ವರ್ಷ ವರ್ಷ ಖರ್ಚು ಎಂದು ಬರೆದುಕೊಳ್ಳುವ ಮೊತ್ತ, ಅಷ್ಟರ ಮೇಲೆ ತೆರಿಗೆ ಬೀಳುವುದಿಲ್ಲ. ತೆರಿಗೆಗೆ ಅದನ್ನು ಲೆಕ್ಕ ಹಾಕುವುದು ನೀವು ಯಂತ್ರ ಕೊಂಡ ಬಿಲ್ಲಿನ ಮೇಲೆ. ಯಂತ್ರದ ಬೆಲೆ ಆಮೇಲೆ ಎಷ್ಟೇ ಏರಲಿ, ಇಲಾಖೆ 40 ಲಕ್ಷದ ಮೇಲೇ ಕೊಡುತ್ತದೆ. ಯಂತ್ರಕ್ಕೆ ಶೇ 15, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಸರಳವಾಗಿರಲಿ ಎಂದು 40 ಲಕ್ಷವೂ ಯಂತ್ರವೇ ಎಂದು ಹಿಡಿದರೆ ಮೊದಲ ವರ್ಷ 6 ಲಕ್ಷ, ಎರಡನೇ ವರ್ಷ 5.10, ಆಮೇಲೆ 4.34, 3.68, 3.13. ತೆರಿಗೆ ಶೇ 30 ಎಂದರೆ ಮೊದಲ ವರ್ಷ ಉಳಿಯುವ ತೆರಿಗೆ 1.80 ಲಕ್ಷ, ಕೊನೆಗೆ 94 ಸಾವಿರ. ಇವೆಲ್ಲಾ ಹುಟ್ಟಿನಿಂದಲೇ ನಾಮಿನಲ್ ರೂಪಾಯಿ.

ತೆರಿಗೆ ಲೆಕ್ಕಕ್ಕೆ ಬಂದಾಗ ದರವೂ ತೆರಿಗೆ ಕಳೆದ ಮೇಲಿನದ್ದು ಆಗಬೇಕು. 12ರಲ್ಲಿ ಶೇ 30 ತೆಗೆದರೆ 8.4. ಇದನ್ನು ರಿಯಲ್ ಮಾಡಬೇಕು ಎಂದರೆ ಆಮೇಲೆ 1.05ರಿಂದ ಭಾಗಿಸಿ, ಶೇ 3.24 ಬರುತ್ತದೆ. ಕ್ರಮ ಮುಖ್ಯ. ಮೊದಲೇ 6.67ಕ್ಕೆ ಇಳಿಸಿ ಆಮೇಲೆ ಶೇ 30 ತೆಗೆದರೆ 4.67 ಬರುತ್ತದೆ, ಅದು ತಪ್ಪು. ತೆರಿಗೆಯವರು ನೋಟಿನ ಬಡ್ಡಿಯ ಮೇಲೆ ಲೆಕ್ಕ ಹಾಕುತ್ತಾರೆ, ರಿಯಲ್ ಬಡ್ಡಿ ಅವರಿಗೆ ಗೊತ್ತಿಲ್ಲ. ಸ್ವಂತ ದುಡ್ಡಿನ ಪಾಲಿಗೆ ಬಡ್ಡಿಯ ಹಾಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ಪೂರ್ತಿ 12ರಲ್ಲಿ ಶೇ 30 ತೆಗೆದಿದ್ದು ಇಲ್ಲಿ ಕ್ರಮ ತೋರಿಸಲು ಮಾತ್ರ.

ಈಗ ಸವಕಳಿಯಿಂದ ಉಳಿಯುವ ತೆರಿಗೆಗೆ 8.4 ಹಾಕಿದರೆ ಇವತ್ತಿನ ಬೆಲೆ 5.41 ಲಕ್ಷ. ರಿಯಲ್ ಲೆಕ್ಕ ಮಾಡುವವರು ಈ ಸಾಲನ್ನು ಇಳಿಸುವುದನ್ನು ಮರೆತು ನೇರವಾಗಿ 3.24 ಹಾಕಿಬಿಡುತ್ತಾರೆ, ಆಗ 6.14 ಬರುತ್ತದೆ. 72 ಸಾವಿರ ಗಾಳಿಯಲ್ಲಿ ಹುಟ್ಟಿತು. ರಿಯಲ್ ದಾರಿಯಲ್ಲಿ ಹೋಗುವವರು ಮೊದಲು ಪ್ರತಿ ವರ್ಷದ ಸವಕಳಿ ತೆರಿಗೆಯನ್ನು 1.05ರಿಂದ, ಎರಡನೇ ವರ್ಷ ಅದರ ವರ್ಗದಿಂದ, ಹೀಗೆ ಭಾಗಿಸಿಕೊಂಡೇ ಮುಂದೆ ಹೋಗಬೇಕು.

ಇನ್ನೊಂದು ಮಾತು, ಡ್ರೈಯರ್ ಹಾಕುವವರಿಗೆ ಬಹಳ ಬೇಕಾದದ್ದು. ಯಂತ್ರವನ್ನು ಕೊಂಡ ವರ್ಷದಲ್ಲಿ ಅದು 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಅಕ್ಟೋಬರ್ ಮಧ್ಯದಲ್ಲಿ ಶುರು ಮಾಡಿದರೆ ಮಾರ್ಚ್ ಕೊನೆಗೆ 180 ದಿನ ಆಗುವುದಿಲ್ಲ. ಮೊದಲ ವರ್ಷದ 6 ಲಕ್ಷ 3 ಲಕ್ಷಕ್ಕೆ ಇಳಿಯುತ್ತದೆ. ಸೆಪ್ಟೆಂಬರ್‌ನಲ್ಲೇ ಚಾಲೂ ಮಾಡಿ.

ದುಡಿಯುವ ಬಂಡವಾಳ?

ಉರುವಲು ದಾಸ್ತಾನು, ವರ್ತಕರಿಂದ ಬರಬೇಕಾದ ಬಾಕಿ ಸೇರಿ 2 ಲಕ್ಷ ಸಿಕ್ಕಿಹಾಕಿಕೊಂಡಿರುತ್ತದೆ ಎಂದುಕೊಳ್ಳಿ. ಇವತ್ತಿನ ರೂಪಾಯಿಯ ಲೆಕ್ಕದಲ್ಲಿ ಹಾಕುವವರು "ಮೊದಲು 2 ಲಕ್ಷ ಹೋಯಿತು, ಕೊನೆಗೆ 2 ಲಕ್ಷ ಬಂತು" ಎಂದು ಬರೆದು ಮುಗಿಸುತ್ತಾರೆ. ಆದರೆ ಅಷ್ಟೇ ಹೊಟ್ಟು, ಅಷ್ಟೇ ಬಾಕಿ ಇಡಲು ಮುಂದಿನ ವರ್ಷ 2.10 ಲಕ್ಷ ಬೇಕು. ಆ 10 ಸಾವಿರ ಜೇಬಿನಿಂದ ಹೋಗುತ್ತದೆ, ಇವತ್ತಿನ ರೂಪಾಯಿಗೆ ಸುಮಾರು 9,500. ಅದರ ಮುಂದಿನ ವರ್ಷವೂ ಹಾಗೇ. ಸರಕಿನ ಪ್ರಮಾಣ ಬದಲಾಗಿಲ್ಲ ಎಂದ ಮಾತ್ರಕ್ಕೆ ದುಡ್ಡು ಬೇಡ ಎಂದಲ್ಲ. ಡ್ರೈಯರಿಗೆ ಇದು ಸಣ್ಣದು. ಕಡಲೆಕಾಯಿ ದಾಸ್ತಾನು ಇಡುವ ಎಣ್ಣೆ ಮಿಲ್ಲಿಗೆ ಇದೇ ಸಾಲು ಯೋಜನೆಯನ್ನು ಎತ್ತಿ ಹಾಕಬಹುದು.

ಇಎಂಐ ಎಲ್ಲಿ ಕಳೆಯಬೇಕು?

ಎಲ್ಲೂ ಕಳೆಯಬೇಡಿ. ಶೇ 12ರಲ್ಲಿ ಸಾಲದ ಖರ್ಚು ಸೇರಿದೆ. ಮತ್ತೆ ಇಎಂಐ ಕಳೆದರೆ ಎರಡು ಸಲ ಕಟ್ಟಿದ ಹಾಗೆ. ಸಾಲ ತೀರಿಸಲು ಕೈಯಲ್ಲಿ ನಗದು ಇರುತ್ತದಾ ಎಂದು ನೋಡಲು ಬೇರೆ ಹಾಳೆ ಮಾಡಿ.

ಕೊನೆಗೆ ಯಾವ ದಾರಿ ಹಿಡಿಯಲಿ? ಬ್ಯಾಂಕಿಗೆ ಯಾವುದು ಕೊಡಲಿ?

ನಾಮಿನಲ್. ನನ್ನ ಅಭಿಪ್ರಾಯ ಗಟ್ಟಿ ಇದೆ ಇದರಲ್ಲಿ. ತೆರಿಗೆ, ಸವಕಳಿ, ಸಾಲದ ಕಂತು, ಕರಾರು ಮಾಡಿದ ಬಾಡಿಗೆ, ಇವೆಲ್ಲಾ ನೋಟಿನ ಲೆಕ್ಕದಲ್ಲೇ ಇರುತ್ತವೆ. ಅವುಗಳನ್ನು ಇಳಿಸುತ್ತಾ ಕೂರುವುದಕ್ಕಿಂತ ಉಳಿದದ್ದನ್ನು ಏರಿಸುವುದು ಸುಲಭ, ತಪ್ಪೂ ಕಡಿಮೆ. ಬ್ಯಾಂಕಿನವರು ಕಂತಿಗೆ ಹೋಲಿಸಿ ನೋಡುವುದೂ ಅದನ್ನೇ.

ರಿಯಲ್ ಲೆಕ್ಕ ನನಗೆ ಪರೀಕ್ಷೆಗೆ ಬೇಕು. ನಾಮಿನಲ್ ಹಾಳೆ ಮುಗಿಸಿದ ಮೇಲೆ ಪ್ರತಿ ವರ್ಷದ ಉಳಿಕೆಯನ್ನು ಶೇ 5ರಿಂದ ಇಳಿಸಿ ಇನ್ನೊಂದು ಸಾಲು ಬರೆಯುತ್ತೇನೆ, ಅದಕ್ಕೆ ರಿಯಲ್ ದರ ಹಾಕುತ್ತೇನೆ. ಎರಡೂ ಎನ್‌ಪಿವಿ ಒಂದೇ ಬಂದರೆ ದರ ಮತ್ತು ಹಣದುಬ್ಬರ ಹೊಂದಿಕೊಂಡಿವೆ ಎಂದರ್ಥ. ಆ ಸಾಲನ್ನು ಕಣ್ಣಲ್ಲೂ ನೋಡಬಹುದು. ನಮ್ಮ ಡ್ರೈಯರಿನದ್ದು ಮೊದಲ ವರ್ಷ 9.49 ಲಕ್ಷದಿಂದ ಐದನೇ ವರ್ಷ 7.47ಕ್ಕೆ ಇಳಿದದ್ದು ಆ ಸಾಲಿನಲ್ಲೇ ಎದ್ದು ಕಂಡಿದ್ದು.

ಬೇರೆಯವರು ಬರೆದ ರಿಪೋರ್ಟಿನಲ್ಲಿ ಈ ತಪ್ಪು ಹುಡುಕುವುದು ಹೇಗೆ?

ಮೊದಲು ಮಾರಾಟದ ದರದ ಸಾಲು ನೋಡಿ. ಐದೂ ವರ್ಷ ಒಂದೇ ದರ ಇದ್ದು, ಡಿಸ್ಕೌಂಟ್ ದರ ಬ್ಯಾಂಕಿನ ಬಡ್ಡಿಯ ಹತ್ತಿರ ಇದ್ದರೆ, ಅಲ್ಲಿ ಕಲಸಿದ್ದಾರೆ. ದರ ಏರುತ್ತಿದ್ದು ಡಿಸ್ಕೌಂಟ್ ಬ್ಯಾಂಕಿನ ಬಡ್ಡಿಗಿಂತ ತುಂಬಾ ಕೆಳಗಿದ್ದರೆ, ಉಲ್ಟಾ ಕಲಸಿದ್ದಾರೆ. ಇನ್ನೊಂದು ಬಗೆ ಬಹಳ ಕಾಣುತ್ತದೆ. ಕೂಲಿ ಸಾಲು ವರ್ಷಕ್ಕೆ ಶೇ 10 ಏರುತ್ತಿರುತ್ತದೆ, ಯಾಕೆಂದರೆ ಅದು ಎಲ್ಲರಿಗೂ ನೆನಪಿರುತ್ತದೆ. ಮಾರಾಟ ದರ ಅಲ್ಲೇ ನಿಂತಿರುತ್ತದೆ, "ಜಾಗ್ರತೆಗೆ ಕಡಿಮೆ ಹಿಡಿದಿದ್ದೇನೆ" ಎನ್ನುತ್ತಾರೆ. ಅದು ಜಾಗ್ರತೆ ಅಲ್ಲ. ಒಂದೇ ಹಾಳೆಯಲ್ಲಿ ಎರಡು ಬಗೆಯ ರೂಪಾಯಿ ಕೂಡಿಸಿ ಕಳೆದಿದ್ದು.

ನಾನು ಈಗ ಪ್ರತಿ ಹಾಳೆಯ ತಲೆಯ ಮೇಲೆ ಒಂದು ಸಾಲು ಬರೆಸುತ್ತೇನೆ. "ಆಯಾ ವರ್ಷದ ರೂಪಾಯಿಯಲ್ಲಿ, ಹಣದುಬ್ಬರ ಶೇ 5, ದರ ಶೇ 12 ನಾಮಿನಲ್." ಡ್ರೈಯರ್ ಲೆಕ್ಕ ತಂದವರ ಹಾಳೆಯ ಮೇಲೂ ಅದನ್ನೇ ಬರೆದು ಕೊಟ್ಟೆ. ಅವರು ಸದ್ಯ ಯಂತ್ರಕ್ಕೆ ಅಡ್ವಾನ್ಸ್ ಕೊಟ್ಟಿಲ್ಲ. ಬಾಡಿಗೆಯನ್ನು ಪ್ರತಿ ಸೀಸನ್ನಿಗೆ ನಾಲ್ಕರಿಂದ ಐದು ರೂಪಾಯಿ ಏರಿಸುವ ಕರಾರಿಗೆ ಇಬ್ಬರು ವರ್ತಕರ ಹತ್ತಿರ ಮಾತಾಡುತ್ತಿದ್ದಾರೆ.